ಮೈಕ್ ಮುಂದಿನ ಮೊದಲ ಮುಕ್ಕಾಲು ನಿಮಿಷ

1989ರ ನವೆಂಬರ್ 9ರ ಸಂಜೆ, ಪೂರ್ವ ಬರ್ಲಿನ್. ಆಳುವ ಪಕ್ಷದ ವಕ್ತಾರ ಗುಂಟರ್ ಶಾಬೋವ್‌ಸ್ಕಿ ಟಿ.ವಿ.ಯಲ್ಲಿ ನೇರಪ್ರಸಾರವಾಗುತ್ತಿದ್ದ ಸುದ್ದಿಗೋಷ್ಠಿ ನಡೆಸುತ್ತಿದ್ದರು. ಹೊರದೇಶಕ್ಕೆ ಹೋಗುವ ನಿಯಮ ಸಡಿಲಿಸಿದ ನಿರ್ಧಾರದ ಕಾಗದ ಅವರ ಕೈಗೆ ಬಂದದ್ದು ಗೋಷ್ಠಿಗೆ ಸ್ವಲ್ಪ ಮುಂಚೆ. ಅದನ್ನು ಅವರು ಸರಿಯಾಗಿ ಓದಿಕೊಂಡಿರಲಿಲ್ಲ. ಮಾತು ಶುರುವಾಗಿ ಸುಮಾರು ಒಂದು ಗಂಟೆಯಾದ ಮೇಲೆ, ಪ್ರಶ್ನೆಯೊಂದಕ್ಕೆ ಉತ್ತರವಾಗಿ ಆ ಸುದ್ದಿ ಹೊರಬಿತ್ತು. ‘ಯಾವಾಗಿನಿಂದ ಜಾರಿ?’ ಎಂದು ಪತ್ರಕರ್ತರು ಕೇಳಿದರು. ಶಾಬೋವ್‌ಸ್ಕಿ ಕಾಗದ ತಿರುವಿಹಾಕಿ, ತಮಗೆ ತಿಳಿದ ಮಟ್ಟಿಗೆ ಈಗಿಂದೀಗಲೇ ಎಂದರು. ನಿಯಮ ಜಾರಿಯಾಗಬೇಕಿದ್ದದ್ದು ಮರುದಿನ. ಅಂದು ರಾತ್ರಿಯೇ ಸಾವಿರಾರು ಜನ ಗಡಿ ದ್ವಾರಗಳಿಗೆ ಮುಗಿಬಿದ್ದರು, ಕಾವಲಿನವರು ದಾರಿ ಬಿಡಬೇಕಾಯಿತು.

ಆ ಗಡಿ ತೆರೆದದ್ದು ಲೋಕಕ್ಕೆ ಒಳ್ಳೆಯದೇ ಆಯಿತು. ಆದರೆ ವಕ್ತಾರನ ಕೆಲಸದ ದೃಷ್ಟಿಯಿಂದ ನೋಡಿದರೆ ಲೋಪ ಎಲ್ಲಿತ್ತೆಂದು ಗೊತ್ತಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಸುದ್ದಿ ಆರಂಭದಲ್ಲಿ ಬರಲಿಲ್ಲ, ಬಂದಾಗ ಅದರಲ್ಲಿ ‘ಯಾವಾಗ’ ಇರಲಿಲ್ಲ. ಗೋಷ್ಠಿಯ ಮೊದಲ ನಾಲ್ಕೈದು ವಾಕ್ಯಗಳನ್ನು ಬರೆದಿಟ್ಟುಕೊಳ್ಳುವುದು ಇಂಥ ಪೇಚಾಟ ತಪ್ಪಿಸಲೆಂದೇ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಒಂದು ನಗರಸಭೆ ಕುಡಿಯುವ ನೀರಿನ ಹಳೆಯ ಮುಖ್ಯ ಕೊಳವೆ ಬದಲಿಸುತ್ತಿದೆ. ವಕ್ತಾರ ಹೀಗೆ ಆರಂಭಿಸಬಹುದು:

“ಎಲ್ಲರಿಗೂ ನಮಸ್ಕಾರ. ಮುಖ್ಯ ಕೊಳವೆ ಬದಲಿಸುವ ಕೆಲಸಕ್ಕಾಗಿ ಊರಿನ ಪೂರ್ವಭಾಗದ ಎಂಟು ವಾರ್ಡ್‌ಗಳಿಗೆ ಇದೇ 12ರ ಬೆಳಿಗ್ಗೆ 6ರಿಂದ 14ರ ಬೆಳಿಗ್ಗೆ 6ರವರೆಗೆ ನಲ್ಲಿ ನೀರು ಬರುವುದಿಲ್ಲ. ಆ ಎರಡು ದಿನ ಟ್ಯಾಂಕರ್‌ನಲ್ಲಿ ನೀರು ಕೊಡುತ್ತೇವೆ. ನನ್ನ ಬಲಕ್ಕೆ ಪೌರಾಯುಕ್ತರಿದ್ದಾರೆ, ಖರ್ಚು ಮತ್ತು ಟೆಂಡರ್ ವಿಚಾರ ಅವರು ಹೇಳುತ್ತಾರೆ. ಎಡಕ್ಕಿರುವವರು ಕಾರ್ಯಪಾಲಕ ಎಂಜಿನಿಯರ್, ಕಾಮಗಾರಿಯ ಬಗ್ಗೆ ಅವರನ್ನು ಕೇಳಿ. ಪೌರಾಯುಕ್ತರು ಐದು ನಿಮಿಷ ಮಾತನಾಡುತ್ತಾರೆ, ಆಮೇಲೆ ಇಪ್ಪತ್ತು ನಿಮಿಷ ನಿಮ್ಮ ಪ್ರಶ್ನೆಗಳಿಗೆ.”

ಅವಸರವಿಲ್ಲದೆ ಓದಿದರೆ ಇದಕ್ಕೆ ಮುಕ್ಕಾಲು ನಿಮಿಷ ಸಾಕು. ಘೋಷಣೆಯ ವಾಕ್ಯದಲ್ಲಿ ಏನು, ಯಾರಿಗೆ, ಎಲ್ಲಿ, ಯಾವಾಗಿನಿಂದ ಯಾವಾಗಿನವರೆಗೆ ಎಂಬುದೆಲ್ಲ ಒಟ್ಟಿಗೇ ಇದೆ. ಟಿ.ವಿ.ಯವರು ಆ ತುಣುಕನ್ನಷ್ಟೇ ಕತ್ತರಿಸಿ ಬಿತ್ತರಿಸಿದರೂ ಅರ್ಥ ಕೆಡುವುದಿಲ್ಲ. ‘ಕೆಲವು ಕಡೆ ನೀರು ಪೂರೈಕೆಯಲ್ಲಿ ವ್ಯತ್ಯಯವಾಗಲಿದೆ’ ಎಂದಿದ್ದರೆ, ಮುಂದಿನ ಇಪ್ಪತ್ತು ನಿಮಿಷ ‘ಯಾವ ಕಡೆ, ಎಷ್ಟು ದಿನ’ ಎಂಬ ಪ್ರಶ್ನೆಗಳಲ್ಲೇ ಕಳೆದುಹೋಗುತ್ತಿತ್ತು.

ವೇದಿಕೆಯಲ್ಲಿರುವವರ ಪರಿಚಯದಲ್ಲಿ ನಮ್ಮವರು ಎಡವುವುದು ಬೇರೆ ರೀತಿ. ‘ಸನ್ಮಾನ್ಯ’, ‘ಜನಪ್ರಿಯ’ ಎಂದು ಒಬ್ಬೊಬ್ಬರಿಗೂ ವಿಶೇಷಣ ಪೋಣಿಸುತ್ತ, ಕುಳಿತವರೆಲ್ಲರ ಹೆಸರು ಹೇಳುತ್ತ ಹೋಗುತ್ತಾರೆ. ಸುದ್ದಿಯ ಕೊನೆಯಲ್ಲಿ ‘ಗೋಷ್ಠಿಯಲ್ಲಿ ಇಂತಿಂಥವರಿದ್ದರು’ ಎಂದು ಬರೆಯಲು ವರದಿಗಾರರಿಗೆ ಹೆಸರುಗಳು ಬೇಕು, ನಿಜ. ಅವನ್ನು ಹುದ್ದೆಸಹಿತ ಪತ್ರಿಕಾ ಪ್ರಕಟಣೆಯಲ್ಲಿ ಅಚ್ಚುಹಾಕಿ ಕೊಟ್ಟರೆ ಕಾಗುಣಿತವೂ ತಪ್ಪುವುದಿಲ್ಲ. ಬಾಯಲ್ಲಿ ಹೇಳಬೇಕಾದದ್ದು ಮಾತನಾಡುವವರ ಹೆಸರು, ಹುದ್ದೆ, ಕುಳಿತ ಜಾಗ ಮತ್ತು ಯಾವ ಪ್ರಶ್ನೆಗೆ ಅವರು ಹೊಣೆ ಎಂಬುದನ್ನು. ಈ ಕೊನೆಯದನ್ನು ಬಿಟ್ಟರೆ ಟೆಂಡರ್ ಪ್ರಶ್ನೆ ಎಂಜಿನಿಯರ್ ಕಡೆ ಹೋಗುತ್ತದೆ, ಅವರು ಪಕ್ಕಕ್ಕೆ ತಿರುಗಿ ಪಿಸುಗುಟ್ಟುವುದನ್ನು ಎಲ್ಲ ಕ್ಯಾಮೆರಾಗಳೂ ಹಿಡಿಯುತ್ತವೆ.

ಈ ಕ್ರಮ ಎಲ್ಲ ಸಂದರ್ಭಕ್ಕೂ ಒಂದೇ ಅಲ್ಲ. ನಿರ್ಧಾರವನ್ನು ಹಿರಿಯರ ಬಾಯಿಂದಲೇ ಹೇಳಿಸಬೇಕಿದ್ದರೆ ವಕ್ತಾರ ವಿಷಯವನ್ನಷ್ಟೇ ತಿಳಿಸಿ ಸರಿಯಬೇಕು. ವಿದೇಶಾಂಗ ಸಚಿವಾಲಯದ ವಿಶೇಷ ಗೋಷ್ಠಿಗಳಲ್ಲಿ ಹೀಗೆಯೇ ನಡೆಯುತ್ತದೆ. ಪ್ರಧಾನಿಯ ಪ್ರವಾಸಕ್ಕೆ ಮುಂಚೆ ವಕ್ತಾರರು ಪ್ರವಾಸ ಯಾವುದೆಂದು ಹೇಳಿ, ವಿದೇಶಾಂಗ ಕಾರ್ಯದರ್ಶಿಯನ್ನೂ ಜೊತೆಗಿರುವ ಅಧಿಕಾರಿಗಳನ್ನೂ ಪರಿಚಯಿಸಿ ಮೈಕ್ ಬಿಟ್ಟುಕೊಡುತ್ತಾರೆ. ಇಲ್ಲಿ ವಕ್ತಾರ ಸುದ್ದಿಯನ್ನು ಮೊದಲೇ ಒಡೆದರೆ ಮುಂದೆ ಮಾತನಾಡುವವರಿಗೆ ಹೇಳಲು ಏನೂ ಉಳಿಯುವುದಿಲ್ಲ.

ಸಾವುನೋವಿನ ಘಟನೆಯಲ್ಲಿ ಮೊದಲ ವಾಕ್ಯ ಮೃತರಿಗೆ ಸಲ್ಲಬೇಕು. ಖಚಿತವಾದ ಸಂಖ್ಯೆ ಮತ್ತು ಅದು ಎಷ್ಟು ಗಂಟೆಯವರೆಗಿನದು ಎಂಬುದನ್ನು ಹೇಳಿ, ಸಂತಾಪ ಸೂಚಿಸಿದ ನಂತರವೇ ಪರಿಚಯ. ಕಾರಣ ಇನ್ನೂ ತಿಳಿದಿಲ್ಲವಾದರೆ ತಿಳಿದಿಲ್ಲವೆಂದೇ ಹೇಳಿ, ಮುಂದಿನ ಮಾಹಿತಿ ಎಷ್ಟು ಹೊತ್ತಿಗೆ ಎಂದು ತಿಳಿಸಬೇಕು. ಆ ಸಮಯ ಕೊಡದಿದ್ದರೆ ಖಾಲಿ ಜಾಗವನ್ನು ಊಹಾಪೋಹ ತುಂಬುತ್ತದೆ.

ಬರೆದದ್ದು ಸರಿಯಿದೆಯೇ ಎಂದು ನೋಡಲು ಸುಲಭದ ಪರೀಕ್ಷೆಯಿದೆ. ವಿಷಯ ಗೊತ್ತಿಲ್ಲದ ಸಹೋದ್ಯೋಗಿಯೊಬ್ಬರಿಗೆ ಅದನ್ನು ಒಮ್ಮೆ ಓದಿ ಹೇಳಿ, ತಲೆಬರಹವನ್ನೂ ಮೊದಲ ಸಾಲನ್ನೂ ಬರೆಯಲು ಹೇಳಿ. ಅದರಲ್ಲಿ ದಿನಾಂಕವಾಗಲಿ ಜಾಗವಾಗಲಿ ಬಿಟ್ಟುಹೋಗಿದ್ದರೆ ತಿದ್ದಬೇಕಾದದ್ದು ನಿಮ್ಮ ವಾಕ್ಯವನ್ನು.