ಸಭೆಯಲ್ಲಿ ಉದ್ಯೋಗಿ ಅತ್ತಾಗ

ವಾರ್ಷಿಕ ಮೌಲ್ಯಮಾಪನದ ಮಾತುಕತೆಯಲ್ಲಿ ರೇಟಿಂಗ್ ಇಳಿದದ್ದನ್ನು ಕೇಳಿ ಉದ್ಯೋಗಿಯೊಬ್ಬರು ಅಳತೊಡಗಿದರೆ, ಮ್ಯಾನೇಜರ್ ಮೊದಲು ಮಾತು ನಿಲ್ಲಿಸಬೇಕು. ನೀರಿನ ಲೋಟವನ್ನು ಅವರ ಹತ್ತಿರ ಸರಿಸಿ ಒಂದೆರಡು ನಿಮಿಷ ಸುಮ್ಮನಿದ್ದರೆ ಸಾಕು. "ಅಳಬೇಡಿ" ಎಂದರೆ ಅವರ ಮುಜುಗರ ಹೆಚ್ಚುತ್ತದೆ. ಮೈ ಮುಟ್ಟಿ ಸಂತೈಸಿದರೆ ತಪ್ಪು ಅರ್ಥಕ್ಕೆ ಎಡೆಯಾಗಬಹುದು.

ಅಳು ಹತೋಟಿಗೆ ಬಂದ ಮೇಲೆ, "ಈಗ ಮುಂದುವರಿಸೋಣವೇ, ನಾಳೆ ಕೂರೋಣವೇ?" ಎಂದು ಕೇಳಿ ಆಯ್ಕೆಯನ್ನು ಅವರಿಗೇ ಬಿಡಬೇಕು. ಕಾರಣವನ್ನು ಕೆದಕಬಾರದು. ಮನೆಯಲ್ಲಿ ಕಾಯಿಲೆಯವರಿದ್ದಾರೆ ಎಂದು ಅವರೇ ಹೇಳಿದರೆ, ರಜೆಯ ಬಗ್ಗೆ, ಕೆಲಸದ ಹೊರೆ ಇಳಿಸುವ ಬಗ್ಗೆ ಮಾತನಾಡಬಹುದು.

ಆದರೆ ಕಣ್ಣೀರು ಕಂಡು ರೇಟಿಂಗ್ ಬದಲಿಸುವ ಭರವಸೆ ಕೊಡಬಾರದು. ಹೊಸ ಸಂಗತಿ ತಿಳಿದುಬಂದರೆ ಮಾತ್ರ ಅದನ್ನು ಮರುಪರಿಶೀಲಿಸಬೇಕು. ಅತ್ತ ವಿಷಯ ತಂಡದ ಉಳಿದವರ ಕಿವಿಗೆ ಬೀಳಕೂಡದು.