ಹಾಕದೆ ಇಟ್ಟ ಶೂ ಪುಡಿಯಾಗುವುದೇಕೆ?

ಮದುವೆಗೆಂದು ಕೊಂಡ ಕಪ್ಪು ಫಾರ್ಮಲ್ ಶೂ. ಎರಡೇ ಸಲ ಹಾಕಿ, ಒರೆಸಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಡಬ್ಬದ ಸಮೇತ ಅಟ್ಟಕ್ಕೆ ಏರಿಸಿರುತ್ತಾರೆ. ಆರು ವರ್ಷದ ನಂತರ ತಮ್ಮನ ಮದುವೆಗೆ ತೆಗೆದರೆ ಮೇಲಿನ ಚರ್ಮ ಹೊಸದರಂತೆಯೇ ಇರುತ್ತದೆ. ಆದರೆ ಛತ್ರದ ಮೆಟ್ಟಿಲು ಹತ್ತುವಷ್ಟರಲ್ಲಿ ಹಿಮ್ಮಡಿಯ ಭಾಗ ಕಳಚಿ ಬೀಳುತ್ತದೆ, ನಡೆದಲ್ಲೆಲ್ಲ ಕಪ್ಪು ಚೂರು ಉದುರುತ್ತದೆ. ಟ್ರೆಕ್ಕಿಂಗ್ ಬೂಟು, ಕಾರ್ಖಾನೆಯ ಸೇಫ್ಟಿ ಶೂಗಳ ಕಥೆಯೂ ಇದೇ.

ಇಂಥ ಶೂಗಳ ಸೋಲ್ ಹೆಚ್ಚಾಗಿ ಪಾಲಿಯುರಿಥೇನ್ ಎಂಬ ನೊರೆಯಂಥ ವಸ್ತುವಿನದು. ಅಂಗಡಿಯಲ್ಲಿ ಇದನ್ನೇ ಪಿಯು ಸೋಲ್ ಎನ್ನುತ್ತಾರೆ. ಹಗುರ, ಮೆತ್ತಗೆ, ಬೇಗ ಸವೆಯದು. ಶೂಗೆ ಬಳಸುವ ಪಿಯುವಿನಲ್ಲಿ ಬಹುಪಾಲು ಎಸ್ಟರ್ ಎಂಬ ರಾಸಾಯನಿಕ ಕೊಂಡಿಗಳಿಂದ ಹೆಣೆದ ಜಾತಿಯದು. ಆಮ್ಲ ಮತ್ತು ಆಲ್ಕೋಹಾಲ್ ಸೇರಿ, ನೀರು ಹೊರಬಿದ್ದಾಗ ಎಸ್ಟರ್ ಕೊಂಡಿ ಉಂಟಾಗುತ್ತದೆ. ಮತ್ತೆ ನೀರು ಒಳಹೊಕ್ಕರೆ ಅದೇ ಕ್ರಿಯೆ ಹಿಂದುಮುಂದಾಗಿ ನಡೆದು ಕೊಂಡಿ ಕಳಚುತ್ತದೆ. ಇದೇ ಜಲವಿಭಜನೆ. ಇದಕ್ಕೆ ಶೂ ನೆನೆಯಬೇಕೆಂದಿಲ್ಲ, ಗಾಳಿಯ ತೇವವೇ ಸಾಕು. ಕೊಂಡಿ ಕಳಚಿದಾಗ ಹುಟ್ಟುವ ಆಮ್ಲ ಮುಂದಿನ ಕೊಂಡಿಗಳನ್ನು ಇನ್ನಷ್ಟು ಬೇಗ ಬಿಡಿಸುತ್ತದೆ. ಹಾಗಾಗಿ ಕೆಲವು ವರ್ಷ ಏನೂ ಆಗದಂತೆ ಕಂಡ ಸೋಲ್ ಕೆಲವೇ ತಿಂಗಳಲ್ಲಿ ನೆನೆದ ರಸ್ಕಿನಂತೆ ಮುರಿಯುತ್ತದೆ. ಸೆಖೆ ಹೆಚ್ಚಿದಷ್ಟೂ ಇದಕ್ಕೆ ವೇಗ ಹೆಚ್ಚು.

ದಿನಾ ಹಾಕುವ ಶೂಗೂ ಇದೇ ಆಗುತ್ತಿರುತ್ತದೆ. ಆದರೆ ಅದು ಎರಡು ಮೂರು ವರ್ಷದಲ್ಲಿ ಸವೆದು ಮನೆಯಿಂದ ಹೊರಹೋಗುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಜೋಪಾನವಾಗಿಟ್ಟ ಶೂಗೆ ಮಾತ್ರ ಅಷ್ಟು ಆಯಸ್ಸು ಸಿಗುತ್ತದೆ. ಬಿಸಿಲಿಗೆ ಕಾಯುವ ತಾರಸಿಯ ಕೆಳಗಿನ ಅಟ್ಟ, ತೇವವನ್ನು ಒಳಗೇ ಹಿಡಿದಿಡುವ ಪ್ಲಾಸ್ಟಿಕ್ ಕವರು, ಇವೆರಡೂ ಸೇರಿ ಆ ಮದುವೆಯ ಶೂವನ್ನು ಒಳಗಿಂದಲೇ ಕರಗಿಸಿದ್ದವು.

ಹಳೆಯ ಶೂ ಹಾಕಿಕೊಂಡು ಹೊರಡುವ ಮುನ್ನ, ಕೆಲವು ದಿನ ಮೊದಲೇ ಪರೀಕ್ಷಿಸಿ. ಸೋಲಿನ ಬದಿಯನ್ನು ಉಗುರಿನಿಂದ ಒತ್ತಿ. ಗಟ್ಟಿ ಇದ್ದರೆ ಪುಟಿದು ಮೊದಲಿನಂತಾಗುತ್ತದೆ. ಕೆಟ್ಟಿದ್ದರೆ ಗುರುತು ಹಾಗೇ ಉಳಿಯುತ್ತದೆ, ಇಲ್ಲವೇ ಚೂರು ಏಳುತ್ತದೆ. ಬಳಿಕ ಶೂವನ್ನು ಬೆರಳುಗಳ ಬುಡ ಬರುವ ಜಾಗದಲ್ಲಿ ಬಗ್ಗಿಸಿ ನೋಡಿ. ಅಲ್ಲಿ ಕೂದಲೆಳೆಯ ಬಿರುಕಿದ್ದರೂ ಅದನ್ನು ನಂಬಬಾರದು. ಕೈಗೆ ಅಂಟಂಟಾಗುವುದೂ ಒಂದು ಸೂಚನೆ. ಇದಕ್ಕೆ ಗೋಂದು ಉಪಾಯವಲ್ಲ, ಏಕೆಂದರೆ ಗೋಂದು ಹಿಡಿದ ಪದರವೇ ಪುಡಿಯಾಗಿ ಬಿಡುತ್ತದೆ. ಮೇಲಿನ ಚರ್ಮ ಚೆನ್ನಾಗಿದ್ದರೆ, ಹಳೆಯ ಪಿಯುವನ್ನು ಪೂರ್ತಿ ಕೆರೆದು ತೆಗೆದು ರಬ್ಬರ್ ಸೋಲ್ ಅಂಟಿಸಿ ಹೊಲಿಯಲು ಬರುತ್ತದೆಯೇ ಎಂದು ಶೂ ರಿಪೇರಿಯವರಲ್ಲಿ ಕೇಳಬಹುದು.

ಎತ್ತಿಡುವ ಮೊದಲು ಬೆವರು, ಮಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಳಗಿನ ಇನ್‌ಸೋಲ್ ಹೊರತೆಗೆದು, ನೆರಳಲ್ಲಿ ಫ್ಯಾನಿನ ಕೆಳಗೆ ಎರಡು ದಿನ ಒಣಗಿಸಿ. ಬಿಸಿಲಿಗಿಡಬೇಡಿ. ಬೆಂಗಳೂರು, ಮೈಸೂರಿನಂಥ ಕಡೆ ಗಾಳಿಯಾಡುವ, ತಂಪಾದ ಕಪಾಟಿನ ಕೆಳಗಿನ ಹಲಗೆ ಸಾಕು. ರಟ್ಟಿನ ಡಬ್ಬವಾದರೂ ಸರಿ, ಪ್ಲಾಸ್ಟಿಕ್ ಕವರು ಬೇಡ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಹೊರಗಿನ ಗಾಳಿಯೇ ತೇವದ ಮೂಲ, ಅದಕ್ಕೆ ತೆರೆದಿಡುವುದರಿಂದ ಲಾಭವಿಲ್ಲ. ಅಲ್ಲಿ ಬೇಕಾದದ್ದು ಬಿಗಿ ಮುಚ್ಚಳದ ಡಬ್ಬ, ಅದರೊಳಗೆ ಸಿಲಿಕಾ ಜೆಲ್. 20 ಲೀಟರಿನ ಡಬ್ಬದ ಗಾಳಿಯಲ್ಲಿ ಮಳೆಗಾಲದಲ್ಲೂ ಇರುವ ನೀರು ಸುಮಾರು ಅರ್ಧ ಗ್ರಾಂ ಮಾತ್ರ. ಚರ್ಮ, ಅಸ್ತರಿ, ಸೋಲಿನಲ್ಲಿ ಅಡಗಿರುವುದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದ್ದರಿಂದ ಶೂ ಜೊತೆ ಬರುವ ಪುಟ್ಟ ಪೊಟ್ಟಣ ಸಾಲದು, ಒಂದು ಜೊತೆಗೆ 100 ಗ್ರಾಂ ಹಾಕಿ. ಬಣ್ಣ ಬದಲಿಸುವ ಜೆಲ್ ಸಿಕ್ಕರೆ ಒಳ್ಳೆಯದು: ಕಿತ್ತಳೆ ಬಣ್ಣದ್ದು ಹಸಿರಾದಾಗ ಬದಲಿಸಿ. ನುಸಿಗುಳಿಗೆ ಹುಳುವನ್ನು ದೂರವಿಡುತ್ತದೆ, ತೇವವನ್ನಲ್ಲ.

ಇಷ್ಟು ಮಾಡಿದರೂ ಜಲವಿಭಜನೆ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಅದರ ಲೆಕ್ಕ ಶುರುವಾಗುವುದು ನೀವು ಕೊಂಡ ದಿನದಿಂದಲ್ಲ, ತಯಾರಾದ ದಿನದಿಂದ. ರಿಯಾಯಿತಿ ಮಾರಾಟದಲ್ಲಿ ಡಬ್ಬದ ಮೇಲಿನ ತಯಾರಿಕೆಯ ತಿಂಗಳು, ವರ್ಷವನ್ನು ನೋಡಿಯೇ ಕೊಳ್ಳಿ. ಎರಡು ಜೊತೆ ಇದ್ದರೆ ಒಂದನ್ನು ಮುಚ್ಚಿಡದೆ ವಾರ ಬಿಟ್ಟು ವಾರ ಎರಡನ್ನೂ ಹಾಕಿ. ಅಪರೂಪಕ್ಕೆ ಮಾತ್ರ ಬೇಕಾಗುವ ಜೊತೆಗೆ ಪಿಯುವಿನ ಬದಲು ರಬ್ಬರ್ ಅಥವಾ ಚರ್ಮದ ಹೊಲಿಗೆ ಸೋಲ್ ಆರಿಸಿ. ತೂಕ ತುಸು ಹೆಚ್ಚಾದರೂ ಹತ್ತು ವರ್ಷ ಬಿಟ್ಟು ತೆಗೆದಾಗ ಕಾಲಿನ ಕೆಳಗೆ ಪುಡಿಯಾಗುವ ಭಯ ಅವಕ್ಕೆ ಬಹಳ ಕಡಿಮೆ.