ನಡುಕದ ಹಿಂದಿನ ನಿಧಾನ

1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮತ್ತು ಸಂಗಡಿಗರು ಕೆಲವು ಮೊಲಗಳಿಗೆ ರಿಸರ್ಪಿನ್ ಎಂಬ ಔಷಧ ಚುಚ್ಚಿದರು. ರಿಸರ್ಪಿನ್ ಸಿಗುವುದು ನಮ್ಮ ಸರ್ಪಗಂಧದ ಬೇರಿನಿಂದ. ಆ ಕಾಲದಲ್ಲಿ ಅದನ್ನು ರಕ್ತದೊತ್ತಡಕ್ಕೂ ಮಾನಸಿಕ ಕಾಯಿಲೆಗಳಿಗೂ ಕೊಡುತ್ತಿದ್ದರು. ಚುಚ್ಚುಮದ್ದು ಬಿದ್ದ ಮೊಲಗಳು ಕಿವಿ ಜೋತುಬಿಟ್ಟುಕೊಂಡು ಕದಲದೆ ಕೂತವು. ಬಳಿಕ ಅವಕ್ಕೆ ಡೋಪಾ ಎಂಬ ಅಮೈನೋ ಆಮ್ಲ ಕೊಟ್ಟಾಗ ಸ್ವಲ್ಪ ಹೊತ್ತಿನಲ್ಲೇ ಕಿವಿ ನಿಮಿರಿಸಿ ಓಡಾಡತೊಡಗಿದವು. ಮಿದುಳಿನಲ್ಲಿ ಡೋಪಾದಿಂದ ತಯಾರಾಗುವ ಡೋಪಮೈನ್ ಚಲನೆಗೆ ಬೇಕೇಬೇಕು ಎಂಬ ತಿಳಿವಳಿಕೆ ಹೊರಟದ್ದು ಇಂಥ ಪ್ರಯೋಗಗಳಿಂದ. ಈ ಕೆಲಸಕ್ಕಾಗಿ ಕಾರ್ಲ್‌ಸನ್ 2000ದಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಮೂರು ವರ್ಷಗಳ ನಂತರ ವಿಯೆನ್ನಾದಲ್ಲಿ ಓಲೆಹ್ ಹಾರ್ನಿಕೀವಿಚ್ ಮತ್ತು ಹರ್ಬರ್ಟ್ ಎರಿಂಗರ್, ಪಾರ್ಕಿನ್ಸನ್ ಕಾಯಿಲೆಯಿಂದ ತೀರಿಕೊಂಡವರ ಮಿದುಳುಗಳನ್ನು ಪರೀಕ್ಷಿಸಿದರು. ಚಲನೆಯನ್ನು ಹದದಲ್ಲಿಡುವ ಸ್ಟ್ರಯೇಟಮ್ ಎಂಬ ಭಾಗದಲ್ಲಿ ಡೋಪಮೈನ್ ಬಹುಪಾಲು ಬತ್ತಿಹೋಗಿತ್ತು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಮಂದಿಯನ್ನು ಗಮನಿಸಿ 1817ರಲ್ಲಿ ವಿವರಿಸಿದ್ದ ಕಾಯಿಲೆಗೆ ಕಾರಣದ ಎಳೆಯೊಂದು ಸಿಕ್ಕಿದ್ದು ಆಗ.

ಡೋಪಮೈನ್ ಒದಗಿಸುವ ನರಕೋಶಗಳಿರುವುದು ಮಿದುಳಿನ ನಡುಭಾಗದ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಸಣ್ಣ ಪಟ್ಟಿಯಲ್ಲಿ. ಆರೋಗ್ಯವಂತರ ಮಿದುಳನ್ನು ಕತ್ತರಿಸಿ ನೋಡಿದರೆ ಈ ಪಟ್ಟಿ ಬರಿಗಣ್ಣಿಗೇ ಕಪ್ಪಾಗಿ ಕಾಣುತ್ತದೆ. ಪಾರ್ಕಿನ್ಸನ್ ಇದ್ದವರಲ್ಲಿ ಆ ಕೋಶಗಳು ಸತ್ತು ಬಣ್ಣ ಮಾಸಿರುತ್ತದೆ. ಸಾವು ನಿಧಾನದ್ದು. ಉಳಿದ ಕೋಶಗಳು ಹೆಚ್ಚು ದುಡಿದು ಕೊರತೆಯನ್ನು ವರ್ಷಗಟ್ಟಲೆ ಮುಚ್ಚಿಡುತ್ತವೆ. ಕೈಕಾಲಿನಲ್ಲಿ ವ್ಯತ್ಯಾಸ ಕಾಣುವ ಹೊತ್ತಿಗೆ ಸ್ಟ್ರಯೇಟಮ್‌ನ ಡೋಪಮೈನ್ ಅರ್ಧಕ್ಕಿಂತ ಹೆಚ್ಚೇ ಖಾಲಿಯಾಗಿರುತ್ತದೆ.

ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ 64ರ ಒಬ್ಬ ಮೇಷ್ಟ್ರನ್ನು ಊಹಿಸಿಕೊಳ್ಳಿ. ಮೊದಲು ಸಮಸ್ಯೆಯಾದದ್ದು ಬ್ಯಾಂಕಿನಲ್ಲಿ, ಚೆಕ್ಕಿನ ಮೇಲಿನ ಸಹಿ ಹೊಂದುತ್ತಿಲ್ಲ ಎಂದು. ಅಕ್ಷರಗಳು ಸಾಲು ಮುಂದುವರಿದಂತೆ ಚಿಕ್ಕದಾಗುತ್ತಿದ್ದವು. ಅಂಗಿಯ ಗುಂಡಿ ಹಾಕಲು ಐದು ನಿಮಿಷ ಬೇಕು. ನಡೆಯುವಾಗ ಬಲಗೈ ಬೀಸುವುದಿಲ್ಲ. ಹೆಂಡತಿಗೆ ಅನ್ನಿಸಿದ್ದು ಬೇರೆ: “ಏನ್ರೀ, ಯಾವಾಗಲೂ ಮುಖ ಗಂಟು ಹಾಕ್ಕೊಂಡಿರ್ತೀರಲ್ಲ?” ಮುಖದ ಸ್ನಾಯುಗಳೂ ನಿಧಾನವಾದಾಗ ನಗು, ಅಚ್ಚರಿ ಯಾವುದೂ ಮೇಲಕ್ಕೆ ಬರುವುದಿಲ್ಲ. ಭುಜ ಬಿಗಿದಿದೆ ಎಂದು ಮೇಷ್ಟ್ರು ಆರು ತಿಂಗಳು ಎಣ್ಣೆ ತಿಕ್ಕಿಸಿಕೊಂಡರು. ನೆನಪಿಸಿಕೊಂಡರೆ, ಅದಕ್ಕೂ ಮೊದಲೇ ಒಗ್ಗರಣೆಯ ವಾಸನೆ ಅವರ ಮೂಗಿಗೆ ಹತ್ತುವುದು ನಿಂತಿತ್ತು. ಮಲಬದ್ಧತೆಯೂ ಶುರುವಾಗಿತ್ತು.

ನಡುಕ ಬಂದದ್ದು ಇಷ್ಟೆಲ್ಲ ಆದಮೇಲೆ. ಟಿ.ವಿ. ನೋಡುತ್ತ ಕೂತಾಗ, ತೊಡೆಯ ಮೇಲೆ ಸುಮ್ಮನಿಟ್ಟ ಬಲಗೈಯ ಹೆಬ್ಬೆರಳು ತೋರುಬೆರಳುಗಳು ಮಾತ್ರೆ ಉರುಳಿಸಿದಂತೆ ಆಡುತ್ತವೆ, ಸೆಕೆಂಡಿಗೆ ನಾಲ್ಕರಿಂದ ಆರು ಸಲ. ಲೋಟ ಎತ್ತಲು ಕೈ ಚಾಚಿದರೆ ಕಡಿಮೆಯಾಗುತ್ತದೆ. ಕಾಫಿ ಲೋಟ ಎತ್ತಿದಾಗಲೇ ಹೆಚ್ಚಾಗುವ, ಎರಡೂ ಕೈಗಳಲ್ಲಿರುವ ನಡುಕ ಸಾಮಾನ್ಯವಾಗಿ ಬೇರೆಯದೇ ತೊಂದರೆ. ಅದನ್ನು ಪಾರ್ಕಿನ್ಸನ್ ಎಂದು ಹೆದರಿ ಕೂತವರು ಬಹಳ. ಇನ್ನೊಂದು ಕಡೆ, ಪಾರ್ಕಿನ್ಸನ್ ಇರುವ ಎಷ್ಟೋ ಜನರಿಗೆ ನಡುಕವೇ ಇರುವುದಿಲ್ಲ. ಅವರ ಕಾಯಿಲೆ ತಡವಾಗಿ ಪತ್ತೆಯಾಗುತ್ತದೆ. ವೈದ್ಯರು ಮುಖ್ಯವಾಗಿ ಹುಡುಕುವುದು ನಿಧಾನವನ್ನು. ಹೆಬ್ಬೆರಳಿಗೆ ತೋರುಬೆರಳನ್ನು ದೊಡ್ಡದಾಗಿ, ಬೇಗಬೇಗ ತಟ್ಟಿ ಎನ್ನುತ್ತಾರೆ. ಹತ್ತು ಸಲ ಮುಗಿಯುವಷ್ಟರಲ್ಲಿ ಬೆರಳುಗಳ ನಡುವಿನ ಅಂತರ ಕುಗ್ಗುತ್ತ ಬಂದು, ನಡುವೆ ಕೈ ಒಮ್ಮೆ ತಡೆದು ನಿಂತರೆ ಸುಳಿವು ಸಿಕ್ಕಿತು.

ತಲೆಸುತ್ತಿಗೆ ತಿಂಗಳುಗಟ್ಟಲೆ ನುಂಗುವ ಸಿನ್ನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳು ಡೋಪಮೈನ್‌ಗೆ ಅಡ್ಡಬಂದು ಇದೇ ಲಕ್ಷಣಗಳನ್ನು ಹುಟ್ಟಿಸಬಲ್ಲವು. ಹಾಗಾಗಿ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನೂ ವೈದ್ಯರಿಗೆ ತೋರಿಸಲೇಬೇಕು.

ಡೋಪಮೈನ್ ಇಲ್ಲವೆಂದಮೇಲೆ ಡೋಪಮೈನನ್ನೇ ಏಕೆ ಕೊಡಬಾರದು? ರಕ್ತದಿಂದ ಮಿದುಳಿಗೆ ಏನು ದಾಟಬೇಕು ಎಂಬುದನ್ನು ರಕ್ತನಾಳಗಳ ಗೋಡೆ ಕಟ್ಟುನಿಟ್ಟಾಗಿ ಕಾಯುತ್ತದೆ. ಡೋಪಮೈನ್‌ಗೆ ಅಲ್ಲಿ ದಾರಿಯಿಲ್ಲ. ಅದರ ಹಿಂದಿನ ಹಂತವಾದ ಲೆವೊಡೋಪಾಗೆ ಇದೆ, ಅದು ದಾಟಿ ಒಳಗೆ ಹೋದಮೇಲೆ ಡೋಪಮೈನ್ ಆಗುತ್ತದೆ. 1961ರಲ್ಲಿ ವಿಯೆನ್ನಾದ ವಾಲ್ಟರ್ ಬಿರ್ಕ್‌ಮಾಯರ್ ಮತ್ತು ಹಾರ್ನಿಕೀವಿಚ್ ಇದನ್ನು ರೋಗಿಗಳ ರಕ್ತನಾಳಕ್ಕೆ ಕೊಟ್ಟಾಗ, ಹಾಸಿಗೆ ಹಿಡಿದವರು ಎದ್ದು ಕೂತರು, ನಡೆದರು. ಪರಿಣಾಮ ಕೆಲವೇ ಗಂಟೆಗಳದ್ದು. 1967ರಲ್ಲಿ ಅಮೆರಿಕದ ಜಾರ್ಜ್ ಕೋಟ್ಜಿಯಸ್, ಸಣ್ಣ ಪ್ರಮಾಣದಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತ ಹೋದರೆ ಬಾಯಿಂದಲೇ ಕೊಡಬಹುದು, ಸುಧಾರಣೆಯೂ ಉಳಿಯುತ್ತದೆ ಎಂದು ತೋರಿಸಿದರು. ಆದರೆ ನುಂಗಿದ್ದರಲ್ಲಿ ಹೆಚ್ಚಿನ ಪಾಲು ಮಿದುಳು ಮುಟ್ಟುವ ಮೊದಲೇ ಡೋಪಮೈನ್ ಆಗಿ ವಾಕರಿಕೆ, ವಾಂತಿ ತರುತ್ತಿತ್ತು. ಈ ಪೋಲನ್ನು ತಡೆಯಲು ಕಾರ್ಬಿಡೋಪಾ ಜೊತೆಗೂಡಿತು. ಕಾರ್ಬಿಡೋಪಾ ತಾನು ಮಿದುಳಿಗೆ ದಾಟುವುದಿಲ್ಲ. ಹೊರಗಿನ ಪರಿವರ್ತನೆಯನ್ನು ಮಾತ್ರ ತಡೆಯುತ್ತದೆ.

ನಮ್ಮ ಮೇಷ್ಟ್ರಿಗೆ 100 ಮಿಲಿಗ್ರಾಂ ಲೆವೊಡೋಪಾ, 25 ಮಿಲಿಗ್ರಾಂ ಕಾರ್ಬಿಡೋಪಾ ಇರುವ ಮಾತ್ರೆಯನ್ನು ಅರ್ಧರ್ಧದಿಂದ ಶುರುಮಾಡಿ, ಕೆಲವು ವಾರಗಳಲ್ಲಿ ದಿನಕ್ಕೆ ಮೂರಕ್ಕೆ ಏರಿಸಿದರು. ಗುಂಡಿ ಸಲೀಸಾಯಿತು, ಕೈಬರಹ ತೆರೆದುಕೊಂಡಿತು. ನಾಲ್ಕೈದು ವರ್ಷ ಹೀಗೇ ನಡೆಯಿತು. ಆಮೇಲೆ ಬೆಳಗಿನ ಮಾತ್ರೆ ಮಧ್ಯಾಹ್ನದವರೆಗೆ ಬಾಳದಾಯಿತು. ಔಷಧ ಮೈಗೆ ಒಗ್ಗಿಹೋಯಿತು ಎಂದು ಮನೆಯವರು ಅಂದುಕೊಳ್ಳುವುದು ಈ ಹಂತದಲ್ಲೇ. ನಿಜಕ್ಕೂ ನಡೆಯುವುದು ಬೇರೆ. ಲೆವೊಡೋಪಾ ರಕ್ತದಲ್ಲಿ ಉಳಿಯುವುದೇ ಸ್ವಲ್ಪ ಹೊತ್ತು, ಒಂದೂವರೆ ಗಂಟೆಯಲ್ಲಿ ಅರ್ಧ ಖಾಲಿ. ಉಳಿದಿದ್ದ ನರಕೋಶಗಳು ಮೊದಮೊದಲು ಮನೆಯ ಮೇಲಿನ ನೀರಿನ ಟ್ಯಾಂಕಿನಂತೆ ಡೋಪಮೈನ್ ತುಂಬಿಟ್ಟುಕೊಂಡು ಬೇಕಾದಂತೆ ಬಿಡುತ್ತಿದ್ದವು. ಕೋಶಗಳು ಇನ್ನಷ್ಟು ಕಡಿಮೆಯಾದಂತೆ ಟ್ಯಾಂಕೂ ಇಲ್ಲವಾಗುತ್ತದೆ. ನಲ್ಲಿ ಬಂದಷ್ಟು ಹೊತ್ತು ಮಾತ್ರ ನೀರು. ಮಟ್ಟ ಏರಿದಾಗ ಕೈಕಾಲು, ಕುತ್ತಿಗೆ ತಾನಾಗಿ ಬಳುಕುತ್ತವೆ. ಇಳಿದಾಗ ಮೈ ಮರಗಟ್ಟುತ್ತದೆ. ಹಾಗಾಗಿ ವೈದ್ಯರು ಪ್ರಮಾಣಕ್ಕಿಂತ ಹೆಚ್ಚಾಗಿ ವೇಳೆಯನ್ನು ತಿದ್ದುತ್ತಾರೆ: ಸಣ್ಣ ಸಣ್ಣ ಪ್ರಮಾಣ, ಹೆಚ್ಚು ಸಲ. ಅದಕ್ಕೂ ಬಗ್ಗದಿದ್ದರೆ ಬೇರೆ ಔಷಧಗಳ ಜೊತೆ, ಆಯ್ದ ಕೆಲವರಿಗೆ ಮಿದುಳಿನೊಳಗೆ ತಂತಿ ಇಡುವ ಶಸ್ತ್ರಚಿಕಿತ್ಸೆ.

ಊಟವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬೇಳೆ, ಮೊಟ್ಟೆ, ಹಾಲಿನ ಪ್ರೋಟೀನಿನಿಂದ ಬರುವ ಅಮೈನೋ ಆಮ್ಲಗಳೂ ಲೆವೊಡೋಪಾವೂ ಮಿದುಳಿಗೆ ದಾಟುವುದು ಒಂದೇ ಬಾಗಿಲಿನಲ್ಲಿ. ಮಧ್ಯಾಹ್ನದ ಊಟದ ಜೊತೆ ನುಂಗಿದ ಮಾತ್ರೆ ಮೇಷ್ಟ್ರಿಗೆ ಹತ್ತದೇ ಹೋಗುತ್ತಿದ್ದುದಕ್ಕೆ ಇದೇ ಕಾರಣ. ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ಬರೀ ನೀರಿನಲ್ಲಿ ತೆಗೆದುಕೊಂಡಾಗ ಸರಿಹೋಯಿತು. ಕಬ್ಬಿಣಾಂಶದ ಮಾತ್ರೆಯನ್ನೂ ಇದರ ಜೊತೆ ನುಂಗಬಾರದು.

ಬೇಲಿಸಾಲಿನಲ್ಲಿ ಬೆಳೆಯುವ, ಮುಟ್ಟಿದರೆ ಮೈ ತುರಿಸುವ ನಸುಗುನ್ನಿಯ ಬೀಜದಲ್ಲಿ ಲೆವೊಡೋಪಾ ಇದೆಯೆಂದು 1937ರಲ್ಲೇ ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಪ್ರಕಟಿಸಿದ್ದರು. ಆಯುರ್ವೇದದಲ್ಲೂ ಅದರ ಬಳಕೆ ಹಳೆಯದು. ಆದರೆ ಬೀಜದಿಂದ ಬೀಜಕ್ಕೆ ಪ್ರಮಾಣ ಬದಲಾಗುತ್ತದೆ. ಮಾತ್ರೆಯ ಜೊತೆಗೆ ಪುಡಿಯನ್ನೂ ಗುಟ್ಟಾಗಿ ತಿಂದರೆ ಮೈ ಬಳುಕಿಗೆ, ಭ್ರಮೆಗೆ ಕಾರಣ ಯಾವುದೆಂದು ವೈದ್ಯರಿಗೂ ತಿಳಿಯುವುದಿಲ್ಲ.

ಲೆವೊಡೋಪಾ ಕೋಶಗಳ ಸಾವನ್ನು ನಿಲ್ಲಿಸುವುದಿಲ್ಲ, ಇಲ್ಲದ್ದನ್ನು ತುಂಬಿಕೊಡುತ್ತದೆ. ಥಟ್ಟನೆ ಬಿಟ್ಟರೆ ಮೈ ಮರಗಟ್ಟಿ ಜ್ವರ ಏರಿ ಜೀವಕ್ಕೇ ಅಪಾಯವಾದೀತು. ಮನೆಯ ಹಿರಿಯರು ಸೊಂಟ ಮುರಿದೋ ನ್ಯುಮೋನಿಯಾ ಆಗಿಯೋ ಆಸ್ಪತ್ರೆ ಸೇರಿದಾಗ ಎಡವಟ್ಟಾಗುವುದು ಇಲ್ಲೇ. ಅವರ ಮಾತ್ರೆಯ ಹೆಸರು, ಪ್ರಮಾಣ, ಗಂಟೆ ನಿಮಿಷವನ್ನು ಬರೆದ ಚೀಟಿಯನ್ನು ಜೇಬಿನಲ್ಲಿಡಿ. ವಾರ್ಡಿನ ನರ್ಸಮ್ಮನಿಗೆ ಕೊಟ್ಟು, ವಾಂತಿಗೆ ಮೆಟೊಕ್ಲೋಪ್ರಮೈಡ್ ಬೇಡ ಎಂದೂ ಬಾಯಿಬಿಟ್ಟು ಹೇಳಿ.